ಸೈಟಿಗೊಂದು ಸ್ಕ್ರಿಪ್ಟು, ಕಟ್ಟುತ್ತಿರುವ ಫ್ಲಾಟಿಗೊಂದು: ರೀಲ್ಸ್ ಟೂರ್‌ಗೆ ಯಾವುದನ್ನು ಆರಿಸಬೇಕು?

ರೆಡಿ ಇರುವ ಮನೆಯ ವಿಡಿಯೋ ಮಾಡುವುದು ಸುಲಭ. ಬಾಗಿಲು ತೆಗೆದು ಒಳಗೆ ಹೋದರೆ ಹಾಲ್, ಅಡುಗೆಮನೆ, ಕಿಟಕಿಯ ಬೆಳಕು ಎಲ್ಲವೂ ತಾವಾಗಿ ಕಾಣುತ್ತವೆ. ಕಷ್ಟ ಇರುವುದು ಖಾಲಿ ಸೈಟಿನಲ್ಲಿ, ಇನ್ನೂ ಕಟ್ಟುತ್ತಿರುವ ಫ್ಲಾಟಿನಲ್ಲಿ. ಒಂದು ಕಡೆ ಬರೀ ಮಣ್ಣು ಮತ್ತು ನಾಲ್ಕು ಕಲ್ಲು. ಇನ್ನೊಂದು ಕಡೆ ಸಿಮೆಂಟ್ ಬ್ಲಾಕಿನ ಗೋಡೆ, ನೆಲದ ಮೇಲೆ ಕಂಬಿ ತುಂಡು. ಕಣ್ಣಿಗೆ ಕಾಣುವುದು ಕಡಿಮೆ ಇರುವುದರಿಂದ ಮಾತಿನ ಮೇಲೆ ಭಾರ ಜಾಸ್ತಿ. ಆ ಮಾತು ಸಡಿಲವಾದರೆ ನೋಡುವವರು ಬೆರಳು ಸರಿಸಿ ಮುಂದಕ್ಕೆ ಹೋಗುತ್ತಾರೆ. ತಪ್ಪಾದರೆ ಆಮೇಲೆ ಅದೇ ಮಾತು ತಿರುಗಿ ನಮ್ಮ ಹತ್ತಿರವೇ ಬರುತ್ತದೆ.

ಸದ್ಯ ಚಾಲ್ತಿಯಲ್ಲಿರುವುದು ಮುಖ್ಯವಾಗಿ ಮೂರು ಬಗೆ. ಡ್ರೋನ್ ಹಾರಿಸಿ ಮೇಲಿಂದ ತೋರಿಸುತ್ತಾ ಹಿನ್ನೆಲೆಯಲ್ಲಿ ಮಾತಾಡುವುದು ಒಂದು. ಒಬ್ಬರು ಕ್ಯಾಮೆರಾ ಮುಂದೆ ನಡೆಯುತ್ತಾ ಜಾಗ ತೋರಿಸುವುದು ಇನ್ನೊಂದು. ಮೂರನೆಯದು ಬ್ರೋಷರ್ ಚಿತ್ರ, ಕಂಪ್ಯೂಟರಿನಲ್ಲಿ ಮಾಡಿದ ತ್ರೀಡಿ ಮನೆ, ಮಾಡೆಲ್ ಫ್ಲಾಟು ಇವನ್ನೆಲ್ಲ ಜೋಡಿಸಿ ಹಾಡು ಹಾಕುವುದು. ಮೂರರಲ್ಲಿ ಯಾವುದು ಒಳ್ಳೆಯದು ಅಂತ ಸುಮ್ನೆ ಕೇಳಿದರೆ ಉತ್ತರ ಇಲ್ಲ. ಸೈಟಿಗೆ ಸರಿಹೋಗುವುದು ಫ್ಲಾಟಿಗೆ ಸರಿಹೋಗುವುದಿಲ್ಲ, ಅದಕ್ಕೆ ಕಾರಣಗಳೂ ಇವೆ. ಒಂದು ಸೈಟು ಮಾರಲು ಹೊರಟ ಮಾಲೀಕರನ್ನು, ಸಣ್ಣ ಏಜೆಂಟರನ್ನು, ಹತ್ತಿಪ್ಪತ್ತು ಫ್ಲಾಟ್ ಕಟ್ಟುವ ಬಿಲ್ಡರ್ ಕಡೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಸೈಟು: ಮೇಲಿಂದಲೋ, ನಡೆದೋ?

ಮೊದಲು ಡ್ರೋನ್ ವಿಷಯ ಮುಗಿಸೋಣ, ಯಾಕೆಂದರೆ ಎಲ್ಲರಿಗೂ ಆಸೆ ಇರುವುದು ಅದರ ಮೇಲೆಯೇ. 20 ಎಕರೆ ಲೇಔಟು ಮಾರುವವರಿಗೆ ಡ್ರೋನ್ ನಿಜವಾಗಿಯೂ ಉಪಯೋಗ. ಮುಖ್ಯರಸ್ತೆ ಎಲ್ಲಿದೆ, ಪಕ್ಕದಲ್ಲಿ ಕೆರೆ ಇದೆಯಾ, ಎಷ್ಟು ಮನೆ ಎದ್ದಿವೆ ಅನ್ನುವುದು ಐದು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಆದರೆ ಮಾರುತ್ತಿರುವುದು ಒಂದೇ ಒಂದು 30/40 ಸೈಟಾಗಿದ್ದರೆ 200 ಅಡಿ ಮೇಲಿಂದ ಅದು ಬೆಂಕಿಪೊಟ್ಟಣದ ಹಾಗೆ ಕಾಣುತ್ತದೆ. ಅದನ್ನು ಗುರುತಿಸಲು ಎಡಿಟಿಂಗ್‌ನಲ್ಲಿ ಕೆಂಪು ಗೆರೆ ಎಳೆಯುತ್ತಾರೆ. ಆ ಗೆರೆ ಎಳೆಯುವವನು ಸೈಟಿಗೆ ಬಂದಿರುವುದೇ ಇಲ್ಲ. ಅಂದಾಜಿನ ಮೇಲೆ ಎಳೆದ ಗೆರೆ ಪಕ್ಕದವರ ಸೈಟಿನ ಒಳಗೆ ಹೋಗಿ ಕೂತಿರುವ ವಿಡಿಯೋಗಳು ಬೇಕಾದಷ್ಟಿವೆ. ಲೇಔಟ್ ಪ್ಲಾನ್ ಪಕ್ಕದಲ್ಲಿಟ್ಟುಕೊಂಡು, ರಸ್ತೆಯ ಮೂಲೆಯಿಂದ ಸೈಟುಗಳನ್ನು ಎಣಿಸಿ ನೋಡಿದರೆ ಮಾತ್ರ ಇದು ತಿಳಿಯುತ್ತದೆ.

ಕಾನೂನಿನ ಮಾತೂ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರದ ನ್ಯಾನೋ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಹಾಗಂತ ಎಲ್ಲಿ ಬೇಕಾದರೂ ಹಾರಿಸುವ ಹಾಗಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯಗಳಿವೆ. ಕೆಂಪು ಮತ್ತು ಹಳದಿಯಲ್ಲಿ ಅನುಮತಿ ಬೇಕೇ ಬೇಕು. ದೇವನಹಳ್ಳಿ, ಯಲಹಂಕ ಕಡೆ ಸೈಟು ಮಾರುವವರು ಮೊದಲು ಆ ನಕ್ಷೆ ನೋಡಬೇಕು, ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ವಾಯುಪಡೆಯ ನೆಲೆ ಇದೆ ಅಲ್ವಾ.

ಒಂದೇ ಸೈಟಿಗಾದರೆ ನನ್ನ ಆಯ್ಕೆ ನಡೆದು ತೋರಿಸುವ ಸ್ಕ್ರಿಪ್ಟೇ. ಕಾರಣ ಅಳತೆ. ಖಾಲಿ ನೆಲಕ್ಕೆ ಕ್ಯಾಮೆರಾದಲ್ಲಿ ಅಳತೆಯೇ ಇರುವುದಿಲ್ಲ. ಫೋನಿನ 0.5x ಲೆನ್ಸ್‌ನಲ್ಲಿ 30/40 ಕೂಡ ಆಟದ ಮೈದಾನದ ಹಾಗೆ ಕಾಣುತ್ತದೆ, ಬಂದು ನೋಡಿದವರು 'ಇಷ್ಟೇನಾ?' ಅಂತಾರೆ. ಅದೇ ಒಬ್ಬ ಮನುಷ್ಯ ಅದರಲ್ಲಿ ನಡೆದರೆ ಲೆಕ್ಕ ತಾನಾಗಿ ಸಿಗುತ್ತದೆ. ಸಾಧಾರಣ ಒಂದು ಹೆಜ್ಜೆ ಎರಡೂವರೆ ಅಡಿ ಅಂದುಕೊಂಡರೆ ಮುಂಭಾಗ 12 ಹೆಜ್ಜೆ, ಉದ್ದ 16 ಹೆಜ್ಜೆ. ಎರಡು ಬದಿ ನಡೆಯಲು ಹದಿನೈದು ಹದಿನೆಂಟು ಸೆಕೆಂಡು ಸಾಕು. ಅಷ್ಟೇ ಹೊತ್ತಿನಲ್ಲಿ ನಾಲ್ಕೂ ದಿಕ್ಕಿಗೆ ಏನಿದೆ ಅಂತ ಹೇಳಿ ಮುಗಿಸಬಹುದು. 0.5x ಬಿಟ್ಟು 1x ನಲ್ಲೇ ತೆಗೆಯಿರಿ.

ನಡೆಯುವ ಮುಂಚೆ ಗಡಿ ಕಾಣುವ ಹಾಗೆ ಮಾಡಬೇಕು. ಮೂಲೆಗಲ್ಲುಗಳು ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತವೆ, ಅವನ್ನು ಬಿಡಿಸಿ. ಕಲ್ಲಿನಿಂದ ಕಲ್ಲಿಗೆ ದಾರ ಕಟ್ಟಿ ಅದರ ಗುಂಟ ಸುಣ್ಣದ ಪುಡಿ ಹಾಕಿದರೆ ಬಿಳಿ ಗೆರೆ ಮೊಬೈಲಿನಲ್ಲೂ ಚೆನ್ನಾಗಿ ಕಾಣುತ್ತದೆ. 30/40ರ ಸುತ್ತಳತೆ 140 ಅಡಿ, ಅರ್ಧ ಗಂಟೆಯ ಕೆಲಸ. ಬೆಳಗ್ಗೆ ಬೇಗ ಅಥವಾ ಸಂಜೆ ತೆಗೆದರೆ ಓರೆ ಬಿಸಿಲಿಗೆ ಕಲ್ಲಿನ ನೆರಳು ಉದ್ದಕ್ಕೆ ಬಿದ್ದು ಗಡಿ ಇನ್ನೂ ಸ್ಪಷ್ಟವಾಗುತ್ತದೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ನೆಲವೆಲ್ಲ ಒಂದೇ ಬಣ್ಣ.

ಇನ್ನೊಂದು ವಿಚಾರ. ಖಾಲಿ ಸೈಟುಗಳೆಲ್ಲ ಒಂದೇ ಥರ ಕಾಣುತ್ತವೆ, ಹಾಗಾಗಿ ಬೇರೆಯವರ ಸೈಟಿನಲ್ಲಿ ನಿಂತು ವಿಡಿಯೋ ಮಾಡಿಬಿಡುವುದು ಅಪರೂಪವೇನಲ್ಲ. ಸೈಟ್ ನಂಬರ್ ಇರುವ ಕಲ್ಲನ್ನು ಒಮ್ಮೆ ಫ್ರೇಮಿನಲ್ಲಿ ತೋರಿಸಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಲೇಔಟು ಸರಿಯಾದ ಸರ್ವೆ ನಂಬರಿನಲ್ಲಿದೆಯಾ ಅಂತ ತಿಳಿಯಲು ಅದು ಸಾಕು. ಆದರೆ ಲೇಔಟಿನ ಒಳಗೆ 17ನೇ ಸೈಟು ಯಾವುದು, 18 ಯಾವುದು ಅನ್ನುವುದಕ್ಕೆ ಅನುಮೋದನೆಯಾದ ಪ್ಲಾನೇ ಆಧಾರ.

ಈಗ ಒಂದು ಸ್ಕ್ರಿಪ್ಟು ನೋಡೋಣ. ತುಮಕೂರಿನ ಹೊರಗೆ, ಅಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರವಾದ ಟೂಡಾದ ಅನುಮೋದನೆ ಆಗಿರುವ ಲೇಔಟಿನಲ್ಲಿ ಪೂರ್ವ ದಿಕ್ಕಿನ ಒಂದು 30/40 ಸೈಟು ಅಂದುಕೊಳ್ಳಿ. ಮಾಲೀಕರೇ ಮಾರುತ್ತಿದ್ದಾರೆ. ಉದ್ದ 45 ಸೆಕೆಂಡು.

*(ಮುಖ್ಯರಸ್ತೆಯ ತಿರುವಿನಲ್ಲಿ ನಿಂತು)* "ತುಮಕೂರು ಮುಖ್ಯರಸ್ತೆಯಿಂದ ಈ ತಿರುವಿನಲ್ಲಿ 900 ಮೀಟರ್ ಒಳಗೆ, ಪೂರ್ವ ದಿಕ್ಕಿನ 30/40 ಸೈಟು."

*(ಬೈಕಿನ ಹಿಂದೆ ಕೂತು ತೆಗೆದ ದಾರಿ, ವೇಗ ಹೆಚ್ಚಿಸಿ)* "ಮೊದಲ 700 ಮೀಟರ್ ಟಾರ್ ರಸ್ತೆ. ಕೊನೆಯ 200 ಮೀಟರ್ ಇನ್ನೂ ಮಣ್ಣಿನ ದಾರಿ."

*(ಈಶಾನ್ಯ ಮೂಲೆಯ ಕಲ್ಲಿನಿಂದ ನಡೆಯುತ್ತಾ)* "ಇದು ಮುಂಭಾಗ, 30 ಅಡಿ. ಪೂರ್ವಕ್ಕೆ 30 ಅಡಿ ರಸ್ತೆ. ಈ ಮೂಲೆಯಿಂದ ಹಿಂದಕ್ಕೆ 40 ಅಡಿ, ನಡೆದು ತೋರಿಸ್ತೀನಿ ನೋಡಿ. ದಕ್ಷಿಣಕ್ಕೆ 18ನೇ ಸೈಟು, ಖಾಲಿ ಇದೆ. ಹಿಂದೆ ಪಶ್ಚಿಮಕ್ಕೆ 31ನೇ ಸೈಟು. ಉತ್ತರಕ್ಕೆ 16, ಅಲ್ಲಿ ಮನೆ ಆಗಿದೆ."

*(ಕಂಬ, ಚರಂಡಿ, ಪೈಪ್ ಒಂದೊಂದೇ ಹತ್ತಿರದಿಂದ)* "ಕರೆಂಟ್ ಕಂಬ ಇಲ್ಲೇ ಇದೆ. ಚರಂಡಿ ಆಗಿದೆ. ನೀರಿನ ಪೈಪ್ ಹಾಕಿದ್ದಾರೆ, ಕನೆಕ್ಷನ್ ಇನ್ನೂ ಕೊಟ್ಟಿಲ್ಲ."

*(ಮಾಲೀಕರು ಕ್ಯಾಮೆರಾ ನೋಡುತ್ತಾ)* "ಟೂಡಾ ಅನುಮೋದಿತ ಲೇಔಟ್, ಇ-ಖಾತಾ ಆಗಿದೆ. ನಾನೇ ಮಾಲೀಕ. ಲೊಕೇಶನ್, ಬೆಲೆ ಎರಡೂ ಕೆಳಗಿದೆ."

ಇದರಲ್ಲಿ ಮೂರು ವಿಷಯ ಗಮನಿಸಿ. ಒಂದು, ಶುರುವಿನಲ್ಲಿ ಬೆಲೆ ಇಲ್ಲ, ಊರು ಮತ್ತು ಅಳತೆ ಇದೆ. 'ಕೇವಲ ಇಷ್ಟು ಲಕ್ಷಕ್ಕೆ!' ಅಂತ ಕೂಗಿ ಶುರು ಮಾಡಿದರೆ ಜಾಸ್ತಿ ಜನ ನೋಡಬಹುದು. ಆದರೆ ಸೈಟು ಕೊಳ್ಳುವವರು ಮೊದಲು ನೋಡುವುದು ಯಾವ ಕಡೆ, ಎಷ್ಟು ಅಳತೆ ಅಂತ. ಕಲಬುರಗಿಯಲ್ಲಿ ಕೂತವರು ತುಮಕೂರಿನ ಸೈಟಿಗೆ ಲೈಕ್ ಒತ್ತಿದರೆ ಲಾಭ ಏನು?

ಎರಡು, ನಾಲ್ಕು ದಿಕ್ಕಿನ ವಿವರ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಏನಿದೆ ಅಂತ ಬರೆದಿರುತ್ತದಲ್ಲ, ಅದನ್ನೇ ನೋಡಿ ಸ್ಕ್ರಿಪ್ಟು ಬರೆಯಿರಿ. ನಡಿಗೆಗೆ ತಕ್ಕಂತೆ ಕ್ರಮ ಬದಲಾದರೂ ಪರವಾಗಿಲ್ಲ, ವಿವರ ಬದಲಾಗಬಾರದು. ಮುಂದೆ ಪತ್ರ ಕೈಗೆ ಬಂದಾಗ ಕೊಳ್ಳುವವರು ವಿಡಿಯೋ ಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ಪತ್ರದಲ್ಲಿ ಪಶ್ಚಿಮಕ್ಕೆ 'ಹಳ್ಳ' ಅಂತಿದ್ದು ವಿಡಿಯೋದಲ್ಲಿ 'ಖಾಲಿ ಜಾಗ' ಅಂದಿದ್ದರೆ ಅಲ್ಲಿಗೆ ವ್ಯವಹಾರ ಮುಗಿಯಿತು.

ಮೂರು, ಮಣ್ಣಿನ ದಾರಿ ಮತ್ತು ಕನೆಕ್ಷನ್ ಇಲ್ಲದ ಪೈಪ್. ಇವನ್ನು ಹೇಳಿದರೆ ಜನ ಬರುವುದಿಲ್ಲ ಅನ್ನುವ ಭಯ ಇರುತ್ತದೆ. ಆದರೆ ಸೈಟು ನೋಡಲು ಬರುವವರು ಆ ದಾರಿಯಲ್ಲೇ ಬರಬೇಕು. ಮೊದಲೇ ಗೊತ್ತಿದ್ದು ಬಂದವರು ಬೆಲೆ ಮಾತಾಡುತ್ತಾರೆ, ಗೊತ್ತಿಲ್ಲದೆ ಬಂದವರು ಕಾರು ತಿರುಗಿಸಿಕೊಂಡು ಹೋಗುತ್ತಾರೆ.

ಸ್ಕ್ರಿಪ್ಟಿನಲ್ಲಿ ಇಲ್ಲದ ಒಂದು ಮಾತೂ ಇದೆ: 'ಮುಂದೆ ಇಲ್ಲಿ ಇಂಥ ರಸ್ತೆ ಬರುತ್ತದೆ.' ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ಮಾತು 2000ರ ದಶಕದಿಂದ ಇದೆ. ನಡುವೆ ಅದರ ಹೆಸರೂ ಬದಲಾಗಿ ಬೆಂಗಳೂರು ಬಿಸಿನೆಸ್ ಕಾರಿಡಾರ್ ಆಯಿತು. ಸೈಟಿನ ಜಾಹೀರಾತುಗಳಲ್ಲಿ ಮಾತ್ರ ಆ ರಸ್ತೆ ಯಾವತ್ತೋ ಓಡಾಡಲು ಶುರುವಾಗಿದೆ. ಸರ್ಕಾರಿ ಯೋಜನೆಯ ಬಗ್ಗೆ ಹೇಳಲೇಬೇಕು ಅನ್ನಿಸಿದರೆ ಇಂದು ಯಾವ ಹಂತದಲ್ಲಿದೆಯೋ ಅಷ್ಟನ್ನೇ ಹೇಳಿ: ಪ್ರಸ್ತಾವವೋ, ಭೂಸ್ವಾಧೀನವೋ, ಕೆಲಸ ಶುರುವಾಗಿದೆಯೋ. ದೂರ ಹೇಳುವಾಗಲೂ 'ಹತ್ತೇ ನಿಮಿಷ' ಅನ್ನುವುದಕ್ಕಿಂತ ಕಿಲೋಮೀಟರ್ ಹೇಳುವುದು ಲೇಸು. ಭಾನುವಾರ ಬೆಳಗಿನ ಹತ್ತು ನಿಮಿಷ ಸೋಮವಾರ ಸಂಜೆಗೆ ನಲವತ್ತಾಗುತ್ತದೆ.

ಕಟ್ಟುತ್ತಿರುವ ಫ್ಲಾಟು: ಮಾಡೆಲ್ ಮನೆಯೋ, ತ್ರೀಡಿಯೋ, ಇದ್ದದ್ದು ಇದ್ದ ಹಾಗೋ?

ಇಲ್ಲಿ ಲೆಕ್ಕ ಬೇರೆ. ಸೈಟಿನಲ್ಲಿ ಮಾರುವ ವಸ್ತು ಪೂರ್ತಿ ಕಣ್ಣ ಮುಂದೆ ಇದೆ, ಗುರುತು ಹಿಡಿಯುವುದಷ್ಟೇ ಕಷ್ಟ. ಫ್ಲಾಟಿನಲ್ಲಿ ಅರ್ಧ ಇದೆ, ಅರ್ಧ ಮುಂದೆ ಬರಬೇಕು. ಯಾವ ಅರ್ಧವನ್ನು ತೋರಿಸಬೇಕು ಅನ್ನುವುದೇ ಆಯ್ಕೆ.

ಮಾಡೆಲ್ ಫ್ಲಾಟು ನೋಡಲು ಚೆಂದ. ಆದರೆ ಅದು ಸಾಮಾನ್ಯವಾಗಿ ಸೈಟ್ ಆಫೀಸಿನ ಪಕ್ಕ ಬೇರೆಯಾಗಿ ಕಟ್ಟಿದ್ದು. ಅದರ ಕಿಟಕಿಯಿಂದ ಬರುವ ಬೆಳಕು ನಾಲ್ಕನೇ ಮಹಡಿಯ ಒಳಮೂಲೆಯ ಫ್ಲಾಟಿಗೆ ಬರುವುದಿಲ್ಲ. ಎಷ್ಟೋ ಕಡೆ ಒಳಬಾಗಿಲು ಇಡದೆ, ಸಣ್ಣ ಅಳತೆಯ ಸೋಫಾ ಹಾಕಿ, ಗೋಡೆಗೆ ಕನ್ನಡಿ ಹೊಡೆದು ಕೋಣೆ ದೊಡ್ಡದು ಅನ್ನಿಸುವ ಹಾಗೆ ಮಾಡಿರುತ್ತಾರೆ. ತ್ರೀಡಿ ಚಿತ್ರದ ಕಥೆ ಗೊತ್ತೇ ಇದೆ, ಅಲ್ಲಿ ಯಾವಾಗಲೂ ಸಂಜೆ, ಯಾವಾಗಲೂ ಮರ ಬೆಳೆದಿರುತ್ತದೆ, ಪಕ್ಕದಲ್ಲಿ ಬೇರೆ ಕಟ್ಟಡವೇ ಇರುವುದಿಲ್ಲ.

ಇವೆರಡೂ ಬರೀ ರುಚಿಯ ಪ್ರಶ್ನೆ ಅಲ್ಲ. ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ 2016ರ ರೇರಾ ಕಾಯಿದೆಯ 12ನೇ ಸೆಕ್ಷನ್ ಜಾಹೀರಾತಿನ ಜೊತೆಗೆ ಮಾದರಿ ಮನೆಯನ್ನೂ ಹೆಸರಿಟ್ಟು ಹೇಳುತ್ತದೆ. ಅವುಗಳಲ್ಲಿರುವ ತಪ್ಪು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಕೊಂಡವರು ಹಿಂದೆ ಸರಿಯಲು ಬಯಸಿದರೆ ಕಟ್ಟಿದ ಹಣವನ್ನು ಬಡ್ಡಿ ಸಮೇತ ವಾಪಸ್ ಮಾಡಬೇಕು. ಯಾವುದೇ ಮಾಧ್ಯಮದಲ್ಲಿ ಮಾಡುವ ಪ್ರಚಾರ ಕೂಡ ಆ ಕಾಯಿದೆಯ ಲೆಕ್ಕದಲ್ಲಿ ಜಾಹೀರಾತೇ. ಅಂದರೆ ನಿಮ್ಮ ರೀಲೂ ಸೇರಿತು.

ಹಾಗಾಗಿ ನಾನು ಹೇಳುವುದು: ಮುಖ್ಯ ಭಾಗ ಇದ್ದದ್ದು ಇದ್ದ ಹಾಗೆ ಇರಲಿ. ತ್ರೀಡಿ ಬೇಕಾದರೆ ಕೊನೆಯಲ್ಲಿ ನಾಲ್ಕೈದು ಸೆಕೆಂಡು, ಅದು ಪರದೆಯ ಮೇಲಿರುವಷ್ಟು ಹೊತ್ತೂ 'ಕಂಪ್ಯೂಟರ್ ಚಿತ್ರ' ಅಂತ ದೊಡ್ಡದಾಗಿ ಬರೆದಿರಲಿ. ಮಾಡೆಲ್ ಫ್ಲಾಟಿಗೆ ಬೇರೆಯೇ ವಿಡಿಯೋ ಮಾಡಿ. ಎರಡನ್ನೂ ಕಲಸಿ, ಬ್ಲಾಕ್ ಗೋಡೆಯಿಂದ ಚಿಟಿಕೆ ಹೊಡೆದು ಸಿಂಗಾರದ ಹಾಲ್‌ಗೆ ಹಾರುವ ತಂತ್ರ ನೋಡಲು ಮಜಾ ಇದೆ. ಆದರೆ ನೋಡಿದವರಿಗೆ ಆ ಹಾಲ್ ಈ ಫ್ಲಾಟಿನದೇ ಅನ್ನಿಸಿಬಿಡುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಯಾವ ಹಂತದಲ್ಲಿ ತೆಗೆಯಬೇಕು ಅನ್ನುವುದೂ ಮುಖ್ಯ. ಸ್ಲ್ಯಾಬ್ ಹಾಕಿ ಸೆಂಟ್ರಿಂಗ್ ಕಂಬಗಳು ನಿಂತಿರುವಾಗ ಕೋಣೆ ಯಾವುದು, ಹಾಲ್ ಯಾವುದು ಗೊತ್ತಾಗುವುದಿಲ್ಲ. ಆ ಹಂತದಲ್ಲಿ ಫ್ಲಾಟ್ ಟೂರ್ ಮಾಡಲೇಬೇಡಿ. ಎದುರು ರಸ್ತೆಯ ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಮ್ಮೆ ಕಟ್ಟಡ ಎಷ್ಟು ಎದ್ದಿದೆ ಅಂತ ತೋರಿಸಿದರೆ ಸಾಕು. ಸೆಂಟ್ರಿಂಗ್ ಬಿಚ್ಚಿ, ಬ್ಲಾಕ್ ಕೆಲಸ ಮುಗಿದ ಮೇಲೆ ಕೋಣೆಗಳಿಗೆ ಆಕಾರ ಬರುತ್ತದೆ. ಟೂರ್‌ಗೆ ಅದೇ ಸರಿಯಾದ ಹೊತ್ತು.

ಸೈಟಿನಲ್ಲಿ ಮನುಷ್ಯ ಫ್ರೇಮಿನಲ್ಲಿರಬೇಕು ಅಂದೆ. ಇಲ್ಲಿ ಬೇಡ. ಮಾತಾಡುವವರನ್ನು ಎದುರಿನಿಂದ ತೆಗೆಯಬೇಕಾದರೆ ಕ್ಯಾಮೆರಾ ಹಿಡಿದವರು ಹಿಮ್ಮುಖವಾಗಿ ನಡೆಯಬೇಕು. ಬಾಲ್ಕನಿಗೆ ಕಂಬಿ ಇಲ್ಲ, ಲಿಫ್ಟಿನ ಗುಂಡಿ ಬಾಯಿ ತೆರೆದಿದೆ, ಡಕ್ಟಿಗೆ ಮುಚ್ಚಳ ಇಲ್ಲ. ಅಂಥ ಕಡೆ ಹಿಂದಕ್ಕೆ ನಡೆಯುವುದೆಂದರೆ ಪ್ರಾಣಕ್ಕೆ ಸಂಚಕಾರ. ಕ್ಯಾಮೆರಾ ಹಿಡಿದವರೇ ಮುಂದೆ ನೋಡುತ್ತಾ ನಡೆಯಲಿ, ಮಾತು ಆಮೇಲೆ ಸೇರಿಸಿ. ಹೇಗೂ ಸ್ಥಳದ ಮಾತು ಕೇಳಿಸುವುದಿಲ್ಲ: ಖಾಲಿ ಕೋಣೆಯಲ್ಲಿ ದನಿ ಗುಂಯ್ ಅನ್ನುತ್ತದೆ, ಕೆಳಗೆ ಟೈಲ್ಸ್ ಕತ್ತರಿಸುವ ಮಷಿನ್ ಓಡುತ್ತಿರುತ್ತದೆ. ಸೈಟ್ ಎಂಜಿನಿಯರ್‌ಗೆ ಹೇಳಿ ಹೋಗಿ, ಹೆಲ್ಮೆಟ್ ಹಾಕಿ, ಚಪ್ಪಲಿಯಲ್ಲಿ ಹೋಗಬೇಡಿ.

ಇನ್ನು ಅಳತೆ. ಇಲ್ಲಿ ಜಾರುವವರೇ ಜಾಸ್ತಿ. ಟೇಪ್ ಹಿಡಿದು ಬ್ಲಾಕ್ ಗೋಡೆಯಿಂದ ಬ್ಲಾಕ್ ಗೋಡೆಗೆ ಅಳೆದು '10 ಅಡಿ' ಅಂತ ಹೇಳಿಬಿಡುತ್ತಾರೆ. ಒಳಗೋಡೆಗೆ ಪ್ಲಾಸ್ಟರಿಂಗ್ ಸುಮಾರು 12 ಮಿಲಿಮೀಟರ್, ಅಂದರೆ ಅರ್ಧ ಇಂಚು ಬರುತ್ತದೆ. ಎರಡು ಕಡೆ ಸೇರಿ ಒಂದು ಇಂಚು ಹೋಯಿತು. ನೆಲಕ್ಕೆ ಹಾಸುವ ಕಾಂಕ್ರೀಟು, ಟೈಲ್ಸು ಎರಡು ಮೂರು ಇಂಚು ಎತ್ತರ ತಿನ್ನುತ್ತವೆ. ಆದ್ದರಿಂದ ಟೇಪಿನ ಅಳತೆ ಬಿಟ್ಟು ಮಂಜೂರಾದ ಪ್ಲಾನಿನ ಅಳತೆಯನ್ನು ಹೇಳಿ, 'ಪ್ಲಾನ್ ಪ್ರಕಾರ' ಅಂತ ಸೇರಿಸಿ. ದಿಕ್ಕನ್ನೂ ಪ್ಲಾನಿನಲ್ಲಿರುವ ಉತ್ತರದ ಬಾಣ ನೋಡಿಯೇ ಹೇಳಿ. ಗೋಡೆ, ಸ್ಲ್ಯಾಬುಗಳ ಕಬ್ಬಿಣದ ನಡುವೆ ಫೋನಿನ ದಿಕ್ಸೂಚಿ ತಪ್ಪು ತೋರಿಸುತ್ತದೆ. ವಾಸ್ತು ನೋಡುವವರ ಹತ್ತಿರ ಆ ತಪ್ಪು ಮಾಡಿದರೆ ಕ್ಷಮೆ ಇಲ್ಲ!

ಖಾಲಿ ಕೋಣೆ ಇರುವುದಕ್ಕಿಂತ ಸಣ್ಣದಾಗಿ ಕಾಣುವುದು ಇನ್ನೊಂದು ಪೇಚು. ಅದಕ್ಕೆ 0.5x ಲೆನ್ಸ್ ಹಾಕುವುದು ಎಲ್ಲರ ಉಪಾಯ, ಆಗ ಗೋಡೆಗಳು ಬಾಗಿ ಕೋಣೆ ಸಭಾಂಗಣ ಆಗುತ್ತದೆ. ಇದಕ್ಕಿಂತ ಒಳ್ಳೆಯದು ಸೀಮೆಸುಣ್ಣ. ಕ್ವೀನ್ ಸೈಜ್ ಮಂಚ 5 ಅಡಿ ಅಗಲ, 6.5 ಅಡಿ ಉದ್ದ. 10/11 ಕೋಣೆಯ ನೆಲದ ಮೇಲೆ ಅಷ್ಟನ್ನು ಗೆರೆ ಎಳೆದು ತೋರಿಸಿ. ಅಗಲದಲ್ಲಿ ಮಂಚದ ಎರಡೂ ಬದಿಗೆ ಎರಡೂವರೆ ಅಡಿ ಉಳಿಯುತ್ತದೆ. ಕಾಲ ಕಡೆ ನಾಲ್ಕೂವರೆ ಅಡಿ, ಅದರಲ್ಲಿ ಎರಡು ಅಡಿ ವಾರ್ಡ್‌ರೋಬ್‌ಗೆ ಹೋದರೂ ಓಡಾಡಲು ಎರಡೂವರೆ ಅಡಿ ಇದೆ. ನೋಡುವವರು ತಮ್ಮ ಮನೆಯ ಮಂಚವನ್ನು ಮನಸ್ಸಿನಲ್ಲೇ ಅಲ್ಲಿ ಇಟ್ಟು ನೋಡುತ್ತಾರೆ. ಇಷ್ಟು ಕೆಲಸವನ್ನು ಯಾವ ತ್ರೀಡಿಯೂ ಮಾಡುವುದಿಲ್ಲ.

ಬೆಂಗಳೂರಿನ ಹೊರಭಾಗದ ಒಂದು ಕಟ್ಟಡ, ನಾಲ್ಕನೇ ಮಹಡಿಯ 2 ಬಿಎಚ್‌ಕೆ ಅಂದುಕೊಂಡು ಒಂದು ನಿಮಿಷದ ಸ್ಕ್ರಿಪ್ಟು ಹೀಗಿರಬಹುದು. ಅಂಕಿಗಳು ಉದಾಹರಣೆಗೆ ಮಾತ್ರ.

*(ಮುಖ್ಯ ಬಾಗಿಲಿನ ಜಾಗದಿಂದ ಒಳಗೆ. ಮೇಲ್ಭಾಗದಲ್ಲಿ ರೇರಾ ಸಂಖ್ಯೆ ಮತ್ತು rera.karnataka.gov.in, ಕೊನೆಯವರೆಗೂ)* "ನಾಲ್ಕನೇ ಮಹಡಿ, 2 ಬಿಎಚ್‌ಕೆ. ಗೋಡೆ ಕೆಲಸ ಮುಗಿದಿದೆ, ಪ್ಲಾಸ್ಟರಿಂಗ್ ಇನ್ನೂ ಆಗಬೇಕು. ಇವತ್ತು ಹೇಗಿದೆಯೋ ಹಾಗೇ ತೋರಿಸ್ತೀವಿ."

*(ಹಾಲ್, ನಿಧಾನವಾಗಿ ಎಡದಿಂದ ಬಲಕ್ಕೆ)* "ಹಾಲ್ ಮತ್ತು ಊಟದ ಜಾಗ ಒಟ್ಟಿಗೆ, ಪ್ಲಾನ್ ಪ್ರಕಾರ 11 ಅಡಿ ಅಗಲ, 19 ಅಡಿ ಉದ್ದ. ಬಲಕ್ಕೆ ಅಡುಗೆಮನೆ, ಅದರ ಹಿಂದೆ ವಾಷಿಂಗ್ ಮಷಿನ್‌ಗೆ ಯುಟಿಲಿಟಿ."

*(ಸೀಮೆಸುಣ್ಣದ ಮಂಚ)* "ಇದು ದೊಡ್ಡ ಬೆಡ್‌ರೂಮ್, 10/11. ಸುಣ್ಣದ ಗೆರೆ ಕ್ವೀನ್ ಸೈಜ್ ಮಂಚದ್ದು. ಸುತ್ತ ಎಷ್ಟು ಜಾಗ ಉಳಿಯುತ್ತೆ ನೋಡಿ."

*(ಬಾಲ್ಕನಿ ಬಾಗಿಲಿನಿಂದ ಹೊರಗೆ, ಅಂಚಿಗೆ ಹೋಗದೆ)* "ಬಾಲ್ಕನಿಯಿಂದ ಕಾಣೋದು ಇದು. ಎದುರಿನ ಖಾಲಿ ಜಾಗ ಬೇರೆಯವರದ್ದು, ಮುಂದೆ ಅಲ್ಲೂ ಕಟ್ಟಡ ಬರಬಹುದು."

*(ಪ್ಲಾನಿನ ಚಿತ್ರ)* "ಕಾರ್ಪೆಟ್ ಏರಿಯಾ 800 ಚದರ ಅಡಿ. ಸೂಪರ್ ಬಿಲ್ಟ್‌ಅಪ್ 1,200. ಒಂದು ಕಾರ್ ಪಾರ್ಕಿಂಗ್."

*(ಕಟ್ಟಡದ ಹೊರನೋಟ)* "ರೇರಾದಲ್ಲಿ ಕೊಟ್ಟಿರುವ ಮುಗಿಸುವ ದಿನಾಂಕ ಡಿಸೆಂಬರ್ 2027. ರೇರಾ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ಬೆಲೆಯ ಪೂರ್ತಿ ವಿವರ ಕೆಳಗಿದೆ."

ಕಾರ್ಪೆಟ್ ಏರಿಯಾ ಮೊದಲು ಹೇಳಿದ್ದು ಬೇಕಂತಲೇ. ಕಾಯಿದೆಯ ಪ್ರಕಾರ ಅದರಲ್ಲಿ ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಹೊರಗೋಡೆ, ಡಕ್ಟು, ಬಾಲ್ಕನಿ ಸೇರುವುದಿಲ್ಲ. 1,200 ಅಂತ ಮಾತ್ರ ಹೇಳಿ ಬಿಟ್ಟರೆ ಕೇಳುವವರು ಅಷ್ಟೂ ಮನೆಯ ಒಳಗೆ ಸಿಗುತ್ತದೆ ಅಂದುಕೊಳ್ಳುತ್ತಾರೆ. ಇಲ್ಲಿ ಮೂರರಲ್ಲಿ ಒಂದು ಪಾಲು ಹೊರಗೋಡೆ, ಬಾಲ್ಕನಿ, ಮೆಟ್ಟಿಲು, ಲಿಫ್ಟು, ಓಣಿಗಳಿಗೆ ಹೋಗಿದೆ.

ರೇರಾ ಸಂಖ್ಯೆ ಯಾರಿಗೆ ಬೇಕು, ಯಾರಿಗೆ ಬೇಡ

ಹೊಸ ಲೇಔಟಾಗಲಿ, ಅಪಾರ್ಟ್‌ಮೆಂಟಾಗಲಿ ರೇರಾ ನೋಂದಣಿ ಆಗುವ ಮುಂಚೆ ಜಾಹೀರಾತು ಮಾಡುವಂತಿಲ್ಲ. 'ಪ್ರೀ ಲಾಂಚ್' ಅಂತ ಹೆಸರಿಟ್ಟರೂ ಅಷ್ಟೇ. ಜಮೀನು 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲಾಟುಗಳು ಎಂಟನ್ನು ಮೀರದಿದ್ದರೆ ಮಾತ್ರ ವಿನಾಯಿತಿ. ನೋಂದಣಿ ಆದ ಮೇಲೆ ಪ್ರತಿ ಜಾಹೀರಾತಿನಲ್ಲೂ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎದ್ದು ಕಾಣಬೇಕು. ಕೊನೆಯ ಅರ್ಧ ಸೆಕೆಂಡು ಇರುವೆ ಸಾಲಿನಂಥ ಅಕ್ಷರದಲ್ಲಿ ತೋರಿಸಿದರೆ ಎದ್ದು ಕಂಡ ಹಾಗೆ ಆಗಲಿಲ್ಲ. ರೀಲಿನಲ್ಲಿ ಕೆಳಭಾಗವನ್ನು ಕ್ಯಾಪ್ಶನ್, ಬಲಬದಿಯನ್ನು ಲೈಕ್ ಬಟನ್‌ಗಳು ಮುಚ್ಚುತ್ತವೆ, ಅದಕ್ಕೇ ಮೇಲ್ಭಾಗದಲ್ಲಿ ಹಾಕಿ ಅಂದದ್ದು.

ತನ್ನ ಒಂದೇ ಸೈಟನ್ನು ಮರುಮಾರಾಟ ಮಾಡುವ ಮಾಲೀಕರಿಗೆ ಪ್ರಾಜೆಕ್ಟ್ ನೋಂದಣಿಯ ತಲೆನೋವು ಇಲ್ಲ. ಆದರೆ ರೇರಾದಲ್ಲಿರುವ ಪ್ರಾಜೆಕ್ಟಿನ ಸೈಟು, ಫ್ಲಾಟು ಮಾರಿಸುವ ಏಜೆಂಟರು ತಾವೂ ನೋಂದಣಿ ಮಾಡಿಸಿರಬೇಕು. ಕರ್ನಾಟಕದಲ್ಲಿ ಪ್ರಾಜೆಕ್ಟಿನ ಸಂಖ್ಯೆಯ ನಡುವೆ PR ಅಂತಲೂ ಏಜೆಂಟರ ಸಂಖ್ಯೆಯಲ್ಲಿ AG ಅಂತಲೂ ಇರುತ್ತದೆ. ಏಜೆಂಟರ ಸಂಖ್ಯೆ ಹಾಕಿ ಅದನ್ನೇ ಪ್ರಾಜೆಕ್ಟಿನದು ಅನ್ನುವ ಹಾಗೆ ತೋರಿಸುವ ವಿಡಿಯೋಗಳನ್ನು ನೋಡುವವರು ಹೀಗೆ ಪತ್ತೆ ಹಚ್ಚುತ್ತಾರೆ.

ಉದ್ದ ಎಷ್ಟು, ಬೆಲೆ ಎಲ್ಲಿ

ಉದ್ದದ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಆರಾಮಾಗಿ ಮಾತಾಡಿದರೆ ಕನ್ನಡದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಎರಡು ಪದ. ಬರೆದ ಸ್ಕ್ರಿಪ್ಟನ್ನು ಎಣಿಸಿ ಎರಡರಿಂದ ಭಾಗಿಸಿ, ಉದ್ದ ಗೊತ್ತಾಗುತ್ತದೆ. ಅಂಕಿಗಳನ್ನು ಓದಲು ಹೊತ್ತು ಜಾಸ್ತಿ ಹಿಡಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ಸೈಟಿಗೆ 45 ಸೆಕೆಂಡು, ಒಂದು ಫ್ಲಾಟಿಗೆ ಒಂದು ನಿಮಿಷ ಸಾಕು. ಒಂದೂವರೆ ನಿಮಿಷ ಬೇಕಾಗುವುದು ಇಡೀ ಲೇಔಟು ತೋರಿಸುವವರಿಗೆ ಮಾತ್ರ.

ಬೆಲೆಯನ್ನು ಮುಚ್ಚಿಟ್ಟು 'ಬೆಲೆಗೆ ಮೆಸೇಜ್ ಮಾಡಿ' ಅನ್ನುವುದು ಒಂದು ದಾರಿ. ಅದರಿಂದ ಮೆಸೇಜ್ ಬರುತ್ತವೆ ನಿಜ, ಆದರೆ ಅರ್ಧಕ್ಕರ್ಧ ಜನ ಬೆಲೆ ಕೇಳಿ ಸುಮ್ಮನಾಗುತ್ತಾರೆ. ನನಗೆ ಹೇಳಿಬಿಡುವುದೇ ಸರಿ ಅನ್ನಿಸುತ್ತದೆ. ಸೈಟಿಗೆ ಚದರ ಅಡಿ ದರ ಮತ್ತು ಒಟ್ಟು ಮೊತ್ತ ಎರಡೂ ಇರಲಿ. ಫ್ಲಾಟಿಗೆ ಮೂಲ ಬೆಲೆ ಮಾತ್ರ ಹೇಳಿದರೆ ಸಾಲದು. ಕಟ್ಟುತ್ತಿರುವ ಫ್ಲಾಟಿಗೆ 5% ಜಿಎಸ್‌ಟಿ ಇದೆ, ಕೈಗೆಟಕುವ ದರದ ಮನೆ ಅಂತ ಲೆಕ್ಕಕ್ಕೆ ಬಂದರೆ 1%. ಪಾರ್ಕಿಂಗ್, ನೋಂದಣಿ ಖರ್ಚು ಬೇರೆ. ಸೈಟಿಗೆ ಜಿಎಸ್‌ಟಿ ಇಲ್ಲ. ಸೈಟು, ಫ್ಲಾಟು ಎರಡನ್ನೂ ತೂಗಿ ನೋಡುತ್ತಿರುವವರಿಗೆ ಈ ವ್ಯತ್ಯಾಸ ದೊಡ್ಡದು.

ಆದರೆ ಈ ಬೆಲೆಯನ್ನು ದನಿಯಲ್ಲಿ ಹೇಳಬೇಡಿ, ಕ್ಯಾಪ್ಶನ್‌ನಲ್ಲಿ ಬರೆಯಿರಿ. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ವಿಡಿಯೋ ಬದಲಿಸಲು ಆಗುವುದಿಲ್ಲ, ಕ್ಯಾಪ್ಶನ್ ಮಾತ್ರ ಯಾವಾಗ ಬೇಕಾದರೂ ತಿದ್ದಬಹುದು. ಬೆಲೆ, ಉಳಿದಿರುವ ಸೈಟುಗಳ ಸಂಖ್ಯೆ, ಫೋನ್ ನಂಬರ್, 'ಮಾರಾಟವಾಗಿದೆ' ಅನ್ನುವ ಸುದ್ದಿ ಎಲ್ಲ ಅಲ್ಲಿಗೇ ಹೋಗಲಿ. ಅಳತೆ, ಚಕ್ಕುಬಂದಿ, ರೇರಾ ಸಂಖ್ಯೆ ವಿಡಿಯೋದ ಒಳಗೆ ಇರಲಿ. ಮುಗಿಸುವ ದಿನಾಂಕವನ್ನು ರೇರಾ ಮುಂದಕ್ಕೆ ಹಾಕಿದರೆ ಹಳೆಯ ವಿಡಿಯೋ ತೆಗೆದು, ಹೊಸ ದಿನಾಂಕದ ಸಾಲನ್ನಷ್ಟೇ ಮತ್ತೆ ಓದಿ ಸೇರಿಸಿ ಹಾಕಿ. ದನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದರೆ ಅದು ಐದು ನಿಮಿಷದ ಕೆಲಸ.